ಕಾರ್ಡಿನಿಂದ ತೆಗೆಸಿದ ಫೋಟೊ

ನನ್ನ ಮಗ ಜ್ವರದಲ್ಲಿ ತೀರಿಹೋದ ಮೇಲೆ ಅವನ ಸೀರೆ ಮಾರುವ ಕೆಲಸ ಸೊಸೆಯ ತಲೆಗೆ ಬಂತು. ನಾರಾಯಣಪೇಟೆಯ ಮಗ್ಗದವರಿಂದ ಸೀರೆ ತಂದು ಮನೆಯಿಂದಲೇ ಮಾರಬೇಕು. ಅವನ ಹಳೆಯ ವಿಸಿಟಿಂಗ್ ಕಾರ್ಡಿನಲ್ಲಿ ಕುಂಕುಮ ಬಣ್ಣದ ಮೇಲೆ ಬಂಗಾರದ ಅಕ್ಷರ. ನಂಬರು ತಳದಲ್ಲಿ, ಇರುವೆಯಷ್ಟು. ಮಕ್ತಲ್‌ನ ಒಬ್ಬಾಕೆ ಮೂರನ್ನು ಎಂಟೆಂದು ಓದಿ ಯಾರಿಗೋ ಫೋನು ಮಾಡಿ ಬೈಸಿಕೊಂಡಿದ್ದಳಂತೆ. ಸಂತೆಯಲ್ಲಿ ಸಿಕ್ಕಾಗ ಸೊಸೆಗೆ ಹೇಳಿದಳು. ಫೋನು ಬರದಿದ್ದರೆ ಮನೆ ನಡೆಯುವುದಿಲ್ಲ. ಹೊಸ ಕಾರ್ಡು ಮಾಡಿಸಲು ಇಬ್ಬರೂ ಪ್ರೆಸ್ಸಿಗೆ ಹೋದೆವು.

ಪ್ರೆಸ್ಸಿನವನು ಕಂಪ್ಯೂಟರಿನಲ್ಲಿ ಎರಡು ನಮೂನೆ ತೋರಿಸಿದ. ಮೊದಲನೆಯದು ಹಳೆಯದರ ಹಾಗೆಯೇ ಕುಂಕುಮ ಬಣ್ಣದ್ದು, ಮೇಲೆ ದೇವರು, ಪಕ್ಕದಲ್ಲಿ ಹಾರ ಹಾಕಿದ ನನ್ನ ಮಗನ ಫೋಟೊ. ತೀರಿಹೋದವರನ್ನು ಕಾರ್ಡಿನ ಮೇಲೆ ಹಾಕಿಸುವುದು ನಮ್ಮಲ್ಲಿ ರೂಢಿ.

“ನೋಡ್ರೀ ಅವ್ವಾ, ಎಷ್ಟು ಚಂದ ಐತಿ,” ಅಂದ.

“ಟಿವಿಯಷ್ಟು ದೊಡ್ಡದು ಮಾಡಿ ತೋರಿಸಿದ್ರ ಎಲ್ಲಾನೂ ಚಂದನ. ಕಾರ್ಡ್ ಸೈಜಿಗೆ ತೆಗೆದು ಕೊಡಪ್ಪ,” ಅಂದೆ ನಾನು.

ಎರಡನ್ನೂ ಅಳತೆಗೆ ಸರಿಯಾಗಿ ಅಚ್ಚು ಹಾಕಿ ಕತ್ತರಿಸಿಕೊಟ್ಟ. ನಾನು ಓದಿದ್ದು ಎರಡನೇ ಇಯತ್ತೆ. ಆದರೂ ಅಂಕಿ ಗೊತ್ತು. ಸೀರೆ ಕೊಳ್ಳುವವರಲ್ಲಿ ನನ್ನ ಹಾಗೆ ಕಣ್ಣು ಮಂಜಾದವರೇ ಹೆಚ್ಚು. ಬೆಳಕು ಕಡಿಮೆಯಿದ್ದ ಮೂಲೆಗೆ ಹೋಗಿ ಕೈ ಚಾಚಿ ಹಿಡಿದೆ. ಫೋಟೊ ಇದ್ದದ್ದರಲ್ಲಿ ಕೆಂಪಿನೊಳಗೆ ಬಂಗಾರದ ಸಣ್ಣ ಗೆರೆಗಳು ಮುಚ್ಚಿಹೋಗಿ ಮೂರು, ಆರು, ಎಂಟು ಎಲ್ಲಾ ಒಂದೇ. ಎರಡನೆಯದು ಬಿಳಿಯ ಮೇಲೆ ಕಪ್ಪು. ಮೊದಲು ‘ಸೀರೆಗಳು’, ಕೆಳಗೆ ಸೊಸೆಯ ಹೆಸರು, ಆಮೇಲೆ ದಪ್ಪ ಅಂಕಿಯಲ್ಲಿ ನಂಬರು, ಐದೈದಾಗಿ ಒಡೆದು. ವಿಳಾಸ ಕೊನೆಗೆ, ಸಣ್ಣದಾಗಿ. ತಡವರಿಸದೆ ಓದಿದೆ.

“ಇದರಾಗ ಅವರ ಫೋಟೊ ಇಲ್ಲಲ್ಲ ಅತ್ತಿ,” ಅಂದ ಸೊಸೆ ಪ್ರೆಸ್ಸಿನವನ ಕಡೆ ತಿರುಗಿದಳು. “ಇದರಾಗೂ ಹಾಕ್ರೀ ಅಣ್ಣ.”

“ಹಾಕ್ತೀನವ್ವ. ಆದರ ನಂಬರು ಸಣ್ಣದಾಗತೈತಿ.”

“ಹಿಂದಕ್ಕ ಹಾಕ್ರಿ ಹಂಗಾರ.”

“ಹಿಂದ ಬ್ಲೌಸಿನ ಅಳತಿ ಬರಕೊಂತಾರ, ಹಾಲಿನ ಲೆಕ್ಕ ಬರಕೊಂತಾರ,” ಅಂದೆ ನಾನು. “ಅವನ ಮಾರಿ ಮ್ಯಾಲೆ ಬರೀಲೇನು? ಬ್ಯಾಡ, ತೆಗಿ.”

“ನಿಮಗೇನು ಕಲ್ಲಿನ ಎದಿ ಐತೇನ್ರಿ?”

“ಹೊಟ್ಟಿ ಐತಿ. ನಿನಗೂ ಐತಿ.”

ಪ್ರೆಸ್ಸಿನವನು ನಮ್ಮಿಬ್ಬರನ್ನೂ ನೋಡದೆ ಕಂಪ್ಯೂಟರು ನೋಡುತ್ತಾ ಕೂತ. ಸೊಸೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಿಳಿಯದಕ್ಕೇ ಹೂಂ ಅಂದಳು. ಮನೆ ಮುಟ್ಟುವವರೆಗೂ ನನಗಿಂತ ಮುಂದೆಯೇ ನಡೆದಳು.

ಕಾರ್ಡು ಹಂಚಿದ ಮೇಲೆ ಫೋನು ಬರತೊಡಗಿದವು. ಹಳೆಯ ಗಿರಾಕಿಗಳು ಫೋನು ಮಾಡಿದರೆ ಮೊದಲು ಅವನ ಮಾತೆತ್ತಿ, ಅಯ್ಯೋ ಅಂದು, ಆಮೇಲೆ ಸೀರೆ ಕೇಳುತ್ತಿದ್ದರು. ಗದ್ವಾಲದಿಂದ ಹೊಸಬಳೊಬ್ಬಳು ಕಾರ್ಡು ನೋಡಿಯೇ ಫೋನು ಮಾಡಿದಳು. ಬಣ್ಣ ಕೇಳಿದಳು, ಅಂಚು ಕೇಳಿದಳು, ಮಗಳ ಮದುವೆಗೆ ಬೇಕು ಅಂದಳು. ಸೊಸೆ ಎಲ್ಲ ಬರೆದುಕೊಂಡಳು. ಮಾತು ಮುಗಿದ ಮೇಲೂ ಫೋನನ್ನೇ ನೋಡುತ್ತಾ ನಿಂತಳು.

“ಅವರ ಸುದ್ದಿನ ಕೇಳಲಿಲ್ಲ ಅತ್ತಿ.”

“ಕಾರ್ಡಿನಾಗ ಅವ ಇಲ್ಲ, ಅಕಿಗೆ ಹ್ಯಾಂಗ ಗೊತ್ತಾಗಬೇಕು?” ಅಂದೆ. ಅಂದು ಹಿತ್ತಲಿಗೆ ಹೋದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ.