ನಾನು ತಿರುವಿ ನೋಡದ ಎರಡನೇ ಪುಟ

ಹೊಟ್ಟೆಕಿಚ್ಚು ಅನ್ನೋದು ಬರೀ ಮಾತಲ್ಲ, ನಿಜಕ್ಕೂ ಹೊಟ್ಟೆಯಲ್ಲೇ ಉರಿಯುತ್ತದೆ. ಶಿರಸಿಯ ನಮ್ಮ ಉಪ್ಪಿನಕಾಯಿ ಘಟಕಕ್ಕೆ ಅವಳು ಬಂದ ವರ್ಷವೇ ನನಗೆ ಅದು ಶುರುವಾಯಿತು. ಗುಡ್ನಾಪುರದ ಕಡೆಯ ಹುಡುಗಿ, ಓದಿದ್ದು ಪಿಯುಸಿ. ನಾನು ಬಿಎಸ್ಸಿ, ಅದೂ ಫಸ್ಟ್ ಕ್ಲಾಸು, ಮೇಲೆ ಆರು ವರ್ಷದ ಅನುಭವ. ಅವಳಿಗೆ ಮಾವಿನ ಮಿಡಿ ಆರಿಸುವುದರಿಂದ ಹಿಡಿದು ಎಲ್ಲ ಕಲಿಸಿದವಳು ನಾನು. ಆದರೆ ಹೊಗಳಿಕೆ ಮಾತ್ರ ಅವಳಿಗೆ. ‘ಎಷ್ಟು ಚುರುಕು ನೋಡು’ ಅಂತೆ! ನನ್ನನ್ನು ಯಾರಾದರೂ ಒಮ್ಮೆ ಹಾಗಂದಿದ್ದರೆ ಕೇಳಿ.

ಆ ಬೇಸಿಗೆಯಲ್ಲಿ ಯಲ್ಲಾಪುರದ ಒಂದು ತರಬೇತಿ ಸಂಸ್ಥೆ ಆಹಾರ ಸಂಸ್ಕರಣೆಯ ಒಂದು ವರ್ಷದ ಡಿಪ್ಲೊಮಾಕ್ಕೆ ಅರ್ಜಿ ಕರೆಯಿತು. ನಮ್ಮ ಘಟಕದಿಂದ ಒಬ್ಬರಿಗೆ ಮಾತ್ರ ಸೀಟು. ಮುಗಿಸಿ ಬಂದವಳೇ ಘಟಕದ ಗುಣಮಟ್ಟ ಮೇಲ್ವಿಚಾರಕಿ ಎಂದು ಘಟಕ ನಡೆಸುವ ಸಂಘದ ಅಧ್ಯಕ್ಷೆ ಮೊದಲೇ ಹೇಳಿಬಿಟ್ಟಿದ್ದರು. ಆ ಕುರ್ಚಿ ನನ್ನದೇ ಎಂದು ಮನಸ್ಸಿನಲ್ಲೇ ಎಂದೋ ಕೂತಾಗಿತ್ತು. ಅರ್ಜಿ ಹಾಕಿದ್ದು ಇಬ್ಬರೇ, ನಾನು ಮತ್ತು ಅವಳು.

ಅರ್ಜಿಯ ಜೊತೆ, ಈ ಕೋರ್ಸು ಯಾಕೆ ಬೇಕು ಅಂತ ಎರಡು ಪುಟ ಬರೆಯಬೇಕಿತ್ತು. ಹಿಂದೆ ಎಂಎಸ್ಸಿಗೆಂದು ಬರೆದದ್ದು ನನ್ನ ಮೊಬೈಲಿನಲ್ಲಿತ್ತು. ಕೋರ್ಸಿನ ಹೆಸರು ಬದಲಿಸಿದೆ, ಮುಗೀತು. ಬಾಲ್ಯದಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ, ಸೂಕ್ಷ್ಮಜೀವಿಗಳ ಕುರಿತು ಆಳವಾದ ಸಂಶೋಧನೆಯ ಹಂಬಲ, ಎಲ್ಲ ಸೆಮಿಸ್ಟರಿನ ಅಂಕಗಳು, ಕೊನೆಗೆ ಒಬ್ಬ ಮಹಾತ್ಮರ ನುಡಿ. ಘಟಕದ ಬಗ್ಗೆ ಒಂದೇ ಸಾಲು. ಮಿಡಿ ತೊಳೆಯೋದು, ಉಪ್ಪು ತೂಗೋದನ್ನೆಲ್ಲ ಬರೆಯುವುದಕ್ಕೆ ನಾಚಿಕೆ ನನಗೆ.

ಮರುದಿನ ಅವಳು ತನ್ನದನ್ನು ಹಿಡಿದು ಬಂದಳು. “ಅಕ್ಕಾರ, ಒಂಚೂರು ನೋಡ್ರಿ. ತಪ್ಪಿದ್ರ ತಿದ್ರಿ.”

ಓದಿದೆ. ‘ಹೋದ ವರ್ಷ ಮೂರು ಡ್ರಮ್ಮಿನಲ್ಲಿ ಬಿಳಿ ಪೊರೆ ಬಂದಿತ್ತು. ವಹಿ ತೆಗೆದು ನೋಡಿದಾಗ ಮೂರೂ ಒಂದೇ ದಿನ ತುಂಬಿದವು. ಅವತ್ತು ಮೇಲೆ ಭಾರ ಇಟ್ಟಿರಲಿಲ್ಲ. ಮಿಡಿ ಉಪ್ಪುನೀರಿನಿಂದ ಮೇಲೆ ತೇಲಿತ್ತು. ಈಗ ದಿನಾ ನೋಡುತ್ತೇನೆ. ಪಿಎಚ್ ಮೀಟರ್ ಬಳಸಲು ನನಗೆ ಬರುವುದಿಲ್ಲ. ಅದನ್ನು ಕಲಿಯಬೇಕು.’

ಅಯ್ಯೋ ದೇವರೇ, ಬರುವುದಿಲ್ಲ ಎಂದು ಅರ್ಜಿಯಲ್ಲೇ ಬರೆದುಕೊಳ್ಳುತ್ತಾರಾ! ಒಳಗೊಳಗೇ ಖುಷಿಯಾಯಿತು. ಎರಡನೇ ಪುಟ ತಿರುವಲೂ ಇಲ್ಲ. “ಚೆನ್ನಾಗಿದೆ, ಏನೂ ತಿದ್ದಬೇಡ, ಹೀಗೇ ಕಳಿಸು” ಅಂದೆ. ಅವಳು ಕೈಮುಗಿದು ಹೋದಳು.

ಸಂದರ್ಶನದ ದಿನ ನನ್ನನ್ನೇ ಮೊದಲು ಕರೆದರು. ಎದುರಿಗಿದ್ದ ಮೇಡಂ ನನ್ನ ಪುಟಗಳನ್ನು ಓದಿ ಕನ್ನಡಕ ತೆಗೆದರು.

“ಇಲ್ಲಿ ಸಂಶೋಧನೆ ಇಲ್ಲಮ್ಮ. ಮೊದಲ ದಿನದಿಂದ ಏಪ್ರನ್ ಕಟ್ಟಿ ಯಂತ್ರದ ಮುಂದೆ ನಿಲ್ಲಬೇಕು. ನಿಮಗೆ ಯಾವ ಕೆಲಸ ಬರುತ್ತೆ, ಯಾವುದು ಬರಲ್ಲ, ಕಲಿತು ಏನು ಮಾಡ್ತೀರಿ, ನಮಗೆ ಬೇಕಾದ್ದು ಅದು. ಅಂಕಪಟ್ಟಿ ಹೇಗೂ ಲಗತ್ತಿಸಿದ್ದೀರಲ್ಲ?”

ಅವರು ಇನ್ನೊಂದು ಅರ್ಜಿ ಎತ್ತಿಕೊಂಡರು. “ನಿಮ್ಮ ಘಟಕದಲ್ಲಿ ಒಬ್ಬ ಅಕ್ಕ ಇದ್ದಾರಂತೆ. ಪ್ರತಿ ಡ್ರಮ್ಮಿಗೂ ನಂಬರು ಹಾಕಿ, ತುಂಬಿದ ದಿನ, ಉಪ್ಪಿನ ತೂಕ ಎಲ್ಲ ವಹಿಯಲ್ಲಿ ಬರೆಯೋ ಪದ್ಧತಿ ತಂದವರು. ಕೆಟ್ಟದ್ದು ಯಾವುದು, ಯಾಕೆ ಅಂತ ಹುಡುಕೋದು ಅವರಿಂದಲೇ ಕಲಿತೆ ಅಂತ ಈ ಹುಡುಗಿ ಬರೆದಿದ್ದಾಳೆ. ಅವರು ಯಾಕೆ ಅರ್ಜಿ ಹಾಕಿಲ್ಲ?”

“ಅದು... ನಾನೇ.”

ಮೇಡಂ ನನ್ನ ಎರಡೂ ಪುಟಗಳನ್ನು ಹಿಂದೆ ಮುಂದೆ ತಿರುವಿದರು. “ಇದರಲ್ಲಿ ಎಲ್ಲಿದೆ?” ಅಂದರು. ದನಿಯಲ್ಲಿ ಗದರಿಕೆ ಇರಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದರು.

ಸೀಟು ಅವಳಿಗೆ ಸಿಕ್ಕಿತು. ಮನೆಯಲ್ಲಿ ಅಮ್ಮ “ಎಂತ ಆತೇ?” ಎಂದು ಕೇಳಿದರೆ ಪಾತ್ರೆ ತಿಕ್ಕಿದೆ, ತೊಳೆದಿಟ್ಟಿದ್ದನ್ನೇ ಮತ್ತೆ ತಿಕ್ಕಿದೆ.

ಮಾರನೇ ದಿನ ಅವಳು ಪೇಡೆ ತಂದಳು. “ನೀವು ತಿದ್ದಬ್ಯಾಡ ಅಂದಿದ್ದು ಚಲೋ ಆತ್ರಿ ಅಕ್ಕಾರ” ಅಂದಳು, ಒಂದು ಚೂರೂ ಕೊಂಕಿಲ್ಲದೆ.

“ನಿನ್ನ ಎರಡನೇ ಪುಟ ತೋರಿಸು” ಅಂದೆ. ಅವಳು ಪುಟದ ಫೋಟೊ ತೆರೆದು ಮೊಬೈಲು ಕೊಟ್ಟಳು. ಅರ್ಧ ಪುಟ ನನ್ನ ಬಗ್ಗೆಯೇ ಇತ್ತು. ನಾನು ಮಾಡಿದ ಕೆಲಸ ಒಂದೊಂದೂ ಅಲ್ಲಿತ್ತು, ಉಪ್ಪಿನ ತೂಕ ಸಮೇತ. ಕೊನೆಯಲ್ಲಿ, ಕಲಿತು ಬಂದು ಪಿಎಚ್ ಮೀಟರ್ ಬಳಸುವುದನ್ನು ಮೊದಲು ಅಕ್ಕನಿಗೆ ಹೇಳಿಕೊಡುತ್ತೇನೆ ಎಂದು ಬರೆದಿದ್ದಳು.

ಇನ್ನಾದರೂ ಉರಿ ಆರಬೇಕಿತ್ತು. ಆರಲಿಲ್ಲ, ಜಾಸ್ತಿಯೇ ಆಯಿತು. ಮೊಬೈಲು ವಾಪಸು ಕೊಟ್ಟು, ಅವತ್ತಿನ ಡ್ರಮ್ಮಿಗೆ ನಂಬರು ಹಾಕಲು ಹೋದೆ.