ಕೆಂಪು ಫ್ಯೂಸಿನ ಕಾಲಿಗೆ ಸುತ್ತಿದ ತಾಮ್ರ

ಪುಣೆಯ ಬಿಬವೇವಾಡಿಯಲ್ಲಿ ನನ್ನದೊಂದು ಗಾಡಿ ವೈರಿಂಗ್ ಅಂಗಡಿ ಇತ್ತು. ನಾಲ್ಕು ಅಂಗಡಿ ಆಚೆ ನನ್ನ ಷಡ್ಡಕನದೂ ಅಂಥದೇ ಅಂಗಡಿ. ಅವನು ನನ್ನ ಹೆಂಡತಿಯ ತಂಗಿಯ ಗಂಡ. ಗದಗಿನ ಕಡೆಯಿಂದ ಅವನನ್ನು ಪುಣೆಗೆ ಕರೆತಂದು ಕೆಲಸ ಕಲಿಸಿದವನು ನಾನೇ. ಐದು ವರ್ಷ ನನ್ನ ಕೈಕೆಳಗಿದ್ದು, ಆಮೇಲೆ ಅದೇ ಸಾಲಿನಲ್ಲಿ ಶಟರ್ ಎತ್ತಿದ. ಅಂದಿನಿಂದ ಅವನ ಮುಖ ಕಂಡರೆ ನನಗೆ ಆಗುತ್ತಿರಲಿಲ್ಲ. ಹಬ್ಬದೂಟಕ್ಕೆ ಅಕ್ಕಪಕ್ಕ ಕೂರಿಸಿದರೂ ನಾನು ಅವನಿಗೆ ಬೆನ್ನು ಕೊಟ್ಟೇ ಉಣ್ಣುತ್ತಿದ್ದೆ. ಈಗ ಬರೆಯುತ್ತಿರುವುದು ಅವನಿಗೆ ನಾನು ಮಾಡಿದ ಅನ್ಯಾಯ.

ನನಗೆ ಕಿವಿಯ ಸೊಕ್ಕಿತ್ತು. ತೊಂಬತ್ತರ ದಶಕದ ಮೊದಲಲ್ಲಿ ಗಾಡಿಗಳ ಇಂಡಿಕೇಟರ್ ಮಿನುಗಿಸುತ್ತಿದ್ದದ್ದು ಗುಂಡನೆಯ ತಗಡಿನ ಫ್ಲಾಷರ್. ಬಲ್ಬುಗಳಿಗೆ ಹೋಗುವ ಕರೆಂಟು ಅದರೊಳಗಿನ ಪಟ್ಟಿಯನ್ನು ಕಾಯಿಸುತ್ತಿತ್ತು. ಕಾದರೆ ಬಿಡುವುದು, ಆರಿದರೆ ಕೂಡುವುದು, ಅದೇ ಟಿಕ್ ಟಿಕ್. ಒಂದು ಬಲ್ಬು ಹೋದರೆ ಕರೆಂಟು ಕಡಿಮೆಯಾಗಿ ಅದು ನಿಧಾನವಾಗುತ್ತಿತ್ತು, ಇಲ್ಲವೇ ಮಿನುಗದೆ ನಿಂತೇ ಬಿಡುತ್ತಿತ್ತು. ಆಮೇಲೆ ಚೌಕ ಡಬ್ಬಿಯ ಎಲೆಕ್ಟ್ರಾನಿಕ್ ರಿಲೇ ಬಂತು. ಅದು ಕರೆಂಟನ್ನು ಅಳೆಯುತ್ತದೆ. ಕಡಿಮೆ ಕಂಡರೆ ‘ಬಲ್ಬು ಹೋಗಿದೆ’ ಎಂದು ಡ್ರೈವರನಿಗೆ ತಿಳಿಸಲು ಬೇಕೆಂದೇ ಎರಡು ಪಟ್ಟು ಓಡುತ್ತದೆ. ಗಾಡಿ ರಸ್ತೆಯಲ್ಲಿರುವಾಗಲೇ ಸಪ್ಪಳ ಕೇಳಿ, ‘ಒಂದ ಬಲ್ಬ್ ಹೋಗೇದ ನೋಡ್ರಿ’ ಎಂದು ಕೂತಲ್ಲಿಂದಲೇ ಹೇಳುತ್ತಿದ್ದೆ. ಗಿರಾಕಿಗಳು ಬೆರಗಾಗುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಎಲ್‌ಇಡಿ ಬಲ್ಬುಗಳು ಬಂದವು. ಷಡ್ಡಕ ಎಲ್ಲರಿಗಿಂತ ಮೊದಲು ತರಿಸಿದ. ಶಿವಾಜಿನಗರದ ಒಂದು ಕಾಲೇಜಿನಲ್ಲಿ ಕ್ಯಾಂಟೀನು ನಡೆಸುತ್ತಿದ್ದ ಉಡುಪಿ ಕಡೆಯವರೊಬ್ಬರ ಮೂರು ವ್ಯಾನುಗಳ ಕೆಲಸವೆಲ್ಲ ಅವನ ಹತ್ತಿರವೇ ಇತ್ತು. ಅವನ ಅಂಗಡಿ ನಿಂತದ್ದೇ ಆ ವ್ಯಾನುಗಳ ಮೇಲೆ. ಅವರ ಮಾತು ಕೇಳಿ ಇನ್ನೂ ಹತ್ತು ಹೋಟೆಲಿನವರು ಅವನ ಹತ್ತಿರ ಹೋಗುತ್ತಿದ್ದರು. ಅದೂ ನನಗೆ ಉರಿ.

ಒಂದು ದಿನ ಮಧ್ಯಾಹ್ನ ಆ ಕ್ಯಾಂಟೀನಿನವರು ನನ್ನ ಅಂಗಡಿ ಮುಂದೆ ವ್ಯಾನು ನಿಲ್ಲಿಸಿದರು.

“ಎಂತ ಮಾರಾಯ್ರೆ ಇದು? ನಿನ್ನೆ ನಿಮ್ಮ ನೆಂಟರು ಹೊಸ ಬಲ್ಬು ಹಾಕಿದ್ದು. ಇಂಡಿಕೇಟರ್ ಹುಚ್ಚು ಹಿಡಿದ ಹಾಗೆ ಬಡ್ಕೊಳ್ತಾ ಉಂಟು.”

“ಅವನೇನ ಅಂದ?”

“ಎಲ್‌ಇಡಿಗೆ ಸರಿಯಾದ ರಿಲೇ ಬೇರೆ ಉಂಟಂತೆ, ಎರಡು ದಿನದಲ್ಲಿ ಬರ್ತದಂತೆ. ಅಲ್ಲಿವರೆಗೆ ಹೀಗೇ ಓಡಿಸಿ, ಏನೂ ಆಗುದಿಲ್ಲ ಅಂದ್ರು.”

ಅವನು ಹೇಳಿದ್ದು ಸರಿಯಾಗಿತ್ತು. ನನಗದು ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಮನಸ್ಸೂ ಇರಲಿಲ್ಲ. “ಎರಡ ದಿನ ಯಾಕ್ರಿ? ಅರ್ಧ ತಾಸನ್ಯಾಗ ಕೊಡ್ತೀನಿ, ಚಾ ಕುಡೀರಿ” ಎಂದೆ.

ಮೊದಲು ನನ್ನಲ್ಲಿದ್ದ ಹೊಸ ರಿಲೇ ಹಾಕಿದೆ. ಮಾಮೂಲಿ ಜಾತಿಯದು. ಅದೇ ಬಡಿತ. ನಾಲ್ಕೂ ಬಲ್ಬು ಉರಿಯುತ್ತಿವೆ, ಸಪ್ಪಳ ಮಾತ್ರ ಬಲ್ಬು ಹೋದಾಗಿನದು. ನನ್ನ ಕಿವಿ ಸುಳ್ಳಾಯಿತು. ಅಷ್ಟರಲ್ಲಿ ಷಡ್ಡಕ ಬಂದು ನಿಂತ.

“ಅಣ್ಣಾರ, ರಿಲೇದ್ದು ತಪ್ಪಿಲ್ಲರಿ. ಹಳೇ ಬಲ್ಬ್ ಒಂದೊಂದು ಎರಡ ಆಂಪ್ ಸಮೀಪ ಎಳೀತಿತ್ತು. ಇದು ಅದರ ಹತ್ತರಾಗ ಒಂದ ಪಾಲು. ಬಲ್ಬ್ ಹೋಗೇದಂತ ತಿಳಕೋತದ ಅದು.”

“ನನಗ ಕಲಿಸಾಕ ಬಂದೀ? ಸ್ಕ್ರೂಡ್ರೈವರ್ ಹಿಡಿಯೋದು ಯಾರು ಕಲಿಸಿದ್ರೋ ನಿನಗ?”

“ನೀವಾ ಕಲಿಸೀರಿ. ಅದಕ್ಕ ಹೇಳಾಕತ್ತೀನಿ.”

“ನಡಿ, ನಿನ್ನ ಅಂಗಡಿ ನಾಯಿ ಕಾಯಾಕತ್ತೇತಿ.”

ಕ್ಯಾಂಟೀನಿನವರು ನಕ್ಕರು. ಅವನು ಹೋದ. ಅವನ ಮಾತಿನಿಂದಲೇ ನನಗೆ ದಾರಿ ಹೊಳೆದಿತ್ತು. ಕರೆಂಟು ಸಾಲದಿದ್ದರೆ ಕುಡಿಯಲು ಇನ್ನೊಂದು ಬಾಯಿ ಕೊಟ್ಟರಾಯಿತು. ಪ್ರತಿ ಬಲ್ಬಿನ ಜೊತೆಗೆ ಸಮಾನಾಂತರವಾಗಿ ಒಂದೊಂದು ಆರು ಓಮಿನ ರೆಸಿಸ್ಟರ್ ಕೂಡಿಸಿದೆ. ಅದೊಂದೇ ಎರಡು ಆಂಪ್ ಎಳೆಯುತ್ತದೆ. ರಿಲೇ ಮೋಸಹೋಗಿ ಹದಕ್ಕೆ ಬಂತು, ಟಿಕ್... ಟಿಕ್. ಕ್ಯಾಂಟೀನಿನವರು ನನ್ನ ಬೆನ್ನು ತಟ್ಟಿದರು.

ಆದರೆ ಆ ಕರೆಂಟೆಲ್ಲ ಬಿಸಿಯಾಗಿಯೇ ಹೊರಬೀಳಬೇಕು. ರೆಸಿಸ್ಟರನ್ನು ತಗಡಿಗೆ ಸ್ಕ್ರೂ ಮಾಡಿ ಕೂರಿಸಿದರೆ ಬಿಸಿ ಹರಿದುಹೋಗುತ್ತದೆ. ನಾನು ಅವಸರದಲ್ಲಿ ಹಿಂದಿನ ಲೈಟಿನ ಪ್ಲಾಸ್ಟಿಕ್ಕಿಗೇ, ವೈರಿನ ಕಟ್ಟಿನ ಜೊತೆ ಸೇರಿಸಿ ಟೇಪು ಸುತ್ತಿಬಿಟ್ಟಿದ್ದೆ.

ಮರುದಿನ ವ್ಯಾನಿನ ಡ್ರೈವರ್ ಒಬ್ಬನೇ ಬಂದ. ಇಂಡಿಕೇಟರ್ ಪೂರ್ತಿ ಬಂದ್. ನೋಡಿದರೆ ಹತ್ತು ಆಂಪಿನ ಕೆಂಪು ಫ್ಯೂಸು ಸುಟ್ಟಿತ್ತು. ಫ್ಯೂಸಿಗೂ ಮಿನುಗುವ ವೇಗಕ್ಕೂ ಸಂಬಂಧವಿಲ್ಲ. ಅದು ಬಲ್ಬನ್ನು ಕಾಯುವುದೂ ಇಲ್ಲ, ವೈರನ್ನು ಕಾಯುತ್ತದೆ. ಎಲ್ಲೋ ವೈರು ಗಾಡಿಯ ತಗಡಿಗೆ ತಗುಲಿ ಕರೆಂಟು ನುಗ್ಗಿದರೆ, ವೈರು ಬಿಸಿಯಾಗುವ ಮೊದಲೇ ತಾನು ಕರಗಿ ದಾರಿ ಕಡಿಯುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಸುಟ್ಟ ಫ್ಯೂಸೆಂದರೆ ‘ಹುಡುಕು’ ಎಂದರ್ಥ ಅಂತ ಷಡ್ಡಕನಿಗೆ ಕಲಿಸಿದವನೂ ನಾನೇ.

ಹುಡುಕಲಿಲ್ಲ. ಹಿಂದಿನ ಲೈಟು ಬಿಚ್ಚಿದರೆ ನನ್ನ ಕೆಲಸದ ತಪ್ಪು ಹೊರಬೀಳುತ್ತದೆ, ನಾಲ್ಕು ಅಂಗಡಿ ಆಚೆಯಿಂದ ಅವನು ನೋಡುತ್ತಾನೆ. ವೈರಿನಿಂದ ತಾಮ್ರದ ಎಳೆಗಳನ್ನು ಕಿತ್ತು ಫ್ಯೂಸಿನ ಎರಡೂ ಕಾಲಿಗೆ ಸುತ್ತಿ, ಡ್ಯಾಶ್‌ಬೋರ್ಡಿನ ಕೆಳಗೆ ಒತ್ತಿ ಕೂರಿಸಿದೆ. ಜನ್ಮಕ್ಕೂ ಕರಗುವುದಿಲ್ಲವೆಂದು ನಮ್ಮ ಸಾಲಿನಲ್ಲಿ ಅದನ್ನು ‘ಜನ್ಮದ ಫ್ಯೂಸ್’ ಎಂದು ತಮಾಷೆ ಮಾಡುತ್ತಿದ್ದರು. ಗಾಡಿ ಅಲುಗಿ ತಗುಲಿದ್ದ ವೈರು ಸರಿಯಿತೋ ಏನೋ, ಆ ಕ್ಷಣಕ್ಕೆ ಇಂಡಿಕೇಟರ್ ಮಿನುಗಿತು. “ಆತು ನಡಿ” ಎಂದೆ.

ಸಂಜೆಯೊಳಗೆ ವ್ಯಾನು ಹೊಗೆಯಾಡಿತು. ರೆಸಿಸ್ಟರಿನ ಬಿಸಿಗೆ ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿ ಅದರ ತಾಮ್ರ ಗಾಡಿಯ ತಗಡಿಗೆ ಪೂರ್ತಿ ಕಚ್ಚಿಕೊಂಡಿತ್ತು. ರಿಲೇಯ ಒಳಗಿನ ಕಾಂಟ್ಯಾಕ್ಟ್ ಅಂಟಿಹೋಗಿ ಕರೆಂಟು ಕಡಿಯದೆ ಹರಿಯುತ್ತಿತ್ತು. ಕರಗಬೇಕಾದ ಫ್ಯೂಸು ಕರಗದೆ, ಡ್ಯಾಶ್‌ಬೋರ್ಡಿನ ಕೆಳಗಿನ ವೈರುಗಳೇ ಫ್ಯೂಸಾಗಿ ಉರಿದವು. ಬ್ಯಾಟರಿಯ ವೈರು ಕೀಳಲು ಹೋಗಿ ಡ್ರೈವರನ ಅಂಗೈ ಬೆಂದಿತು.

ವ್ಯಾನನ್ನು ಎಳೆದು ತಂದು ನಮ್ಮ ಸಾಲಿನಲ್ಲೇ ನಿಲ್ಲಿಸಿದರು. ಕ್ಯಾಂಟೀನಿನವರು ಷಡ್ಡಕನನ್ನೂ ನನ್ನನ್ನೂ ಕರೆದು, “ಯಾರದ್ದು ಇದು? ಹೇಳಿ” ಎಂದು ಕೂಗಿದರು.

ನಾನೇ ಮೊದಲು ಬಾಯಿ ತೆರೆದೆ. “ನಾ ಮೊದಲಾ ಹೇಳಿದ್ದಿಲ್ಲೇನ್ರಿ? ಈ ಎಲ್‌ಇಡಿ ಮಾಲು ಖೊಟ್ಟಿ. ಬಲ್ಬನಾಗ ಶಾರ್ಟ್ ಆಗೇತಿ. ನಾ ಎಷ್ಟಂತ ಸಂಬಾಳಿಸ್ಲಿ?”

ಷಡ್ಡಕ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದ್ದ. ಎದ್ದು ನನ್ನ ಮುಖ ನೋಡಿದ. ಅವನು ಸುಮ್ಮನಿದ್ದುದನ್ನು ಎಲ್ಲರೂ ಒಪ್ಪಿಗೆ ಎಂದುಕೊಂಡರು, ನಾನೂ ಹಾಗೆಯೇ ಎಂದುಕೊಳ್ಳಲು ನೋಡಿದೆ. ಕ್ಯಾಂಟೀನಿನವರು ಡ್ರೈವರನ ಮುಂದೆಯೇ ಅವನನ್ನು ಹೀನಾಯವಾಗಿ ಬೈದರು. ಮೂರೂ ವ್ಯಾನು ಹೋದವು, ಹೋಟೆಲಿನವರೆಲ್ಲ ಹೋದರು. ವರ್ಷದೊಳಗೆ ಅವನ ಶಟರ್ ಇಳಿಯಿತು. ಮತ್ತೊಬ್ಬರ ಗ್ಯಾರೇಜಿನಲ್ಲಿ ಕೂಲಿಗೆ ಸೇರಿದ.

ನನ್ನ ಹೆಂಡತಿ ತೀರಿಕೊಂಡ ಮೇಲೆ ಒಮ್ಮೆ ಅವನ ಮನೆಗೆ ಹೋಗಿ ಹೇಳಿದೆ. ಫ್ಯೂಸಿಗೆ ತಾಮ್ರ ಸುತ್ತಿದವನು ನಾನು ಎಂದೆ.

“ನನಗ ಅವತ್ತಾ ಗೊತ್ತಾಗಿತ್ತರಿ. ಆ ತಾಮ್ರ ಕಣ್ಣಲೆ ನೋಡೀನಿ” ಎಂದ. “ಅಕ್ಕಾರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಈಗ ಅವರಿಲ್ಲ, ನನ್ನ ಮುಂದ ಅಳಾಕ ಬಂದೀರಿ. ನನಗ್ಯಾಕ ಹೇಳ್ತೀರಿ? ಸುಳ್ಳ ಯಾರ ಮುಂದ ಹೇಳಿದ್ರಿ, ಅವರ ಮುಂದ ಹೇಳ್ರಿ. ಚಾ ಮಾಡಿಲ್ಲ, ಹೋಗ್ರಿನ್ನ.”

ಹೋದೆ. ಕ್ಯಾಂಟೀನಿನ ಗಲ್ಲಾದಲ್ಲಿ ಕೂತಿದ್ದ ಅವರಿಗೂ ವಯಸ್ಸಾಗಿತ್ತು. ಕೂರಿಸಿ ಕಾಫಿ ಕೊಟ್ಟರು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ, ರೆಸಿಸ್ಟರು, ಟೇಪು, ತಾಮ್ರ. ಅವರು ತಾಳ್ಮೆಯಿಂದ ಕೇಳಿದರು.

“ಬಿಡಿ ಮಾರಾಯ್ರೆ, ಎಷ್ಟು ವರ್ಷ ಆಯ್ತು” ಎಂದರು. “ಆದ್ರೂ ಆ ಬಲ್ಬು ಸರಿ ಇಲ್ಲ. ನಾನು ಇವತ್ತಿಗೂ ಎಲ್ಲರಿಗೂ ಅದೇ ಹೇಳುದು, ಎಲ್‌ಇಡಿ ಹಾಕಿದವನೇ ನನ್ನ ವ್ಯಾನು ಸುಟ್ಟ ಅಂತ.”

ಮತ್ತೆ ಮೊದಲಿಂದ ಹೇಳತೊಡಗಿದೆ. ಅವರು ಗಲ್ಲಾದ ಕಡೆ ತಿರುಗಿ ಯಾರಿಗೋ ಬಿಲ್ಲು ಕೊಡತೊಡಗಿದರು.