ಈಜುವ ಬೂಜು

ಆಕೆಗೆ ಹೆಸರಿರಲಿಲ್ಲವೆಂದಲ್ಲ, ಇದ್ದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಊರಿಗೆಲ್ಲ ಆಕೆ ಸಸಿ ಅಕ್ಕ. ಮನೆಯ ಪಕ್ಕದ ಅರ್ಧ ಎಕರೆಯಲ್ಲಿ ನೆರಳುಬಲೆ ಕಟ್ಟಿ, ಟೊಮೇಟೊ, ಮೆಣಸಿನಕಾಯಿ, ಎಲೆಕೋಸಿನ ಸಸಿಗಳನ್ನು ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಬೆಳೆಸಿ ರೈತರಿಗೆ ಕೊಡುತ್ತಿದ್ದಳು. ಓದಿದ್ದು ಏಳನೇ ಕ್ಲಾಸು. ಆದರೆ ಬೀಜ ಅಂಗೈಗೆ ಹಾಕಿಕೊಂಡರೆ ಸಾಕು, ಹೊಸದೋ ಹಳೆಯದೋ ಹೇಳಿಬಿಡುತ್ತಿದ್ದಳು. ಗಂಡ ಟೆಂಪೋ ಓಡಿಸುತ್ತಿದ್ದ, ಸಸಿ ತಲುಪಿಸುವ ಕೆಲಸ ಅವನದು. ಮಾತು ತಲುಪಿಸುವ ಕೆಲಸ ಆಕೆಯದು ಎಂದು ಅವನೇ ನಗುತ್ತಿದ್ದ.

ಆ ವರ್ಷ ನೀರು ಉಳಿಸೋಣವೆಂದು ಆಕೆ ಒಂದು ಉಪಾಯ ಮಾಡಿದಳು. ಟ್ರೇಗಳಿಂದ ಸೋರಿದ ನೀರೆಲ್ಲ ಕಾಲುವೆ ಹಿಡಿದು ಮೂಲೆಯ ಹೊಂಡಕ್ಕೆ ಸೇರುವಂತೆ ಮಾಡಿ, ಅದನ್ನೇ ಮತ್ತೆ ಸಸಿಗೆ ಹಾಕತೊಡಗಿದಳು. ಹನಿ ನೀರೂ ಹಾಳಾಗದು ಎಂದು ಹಿಗ್ಗಿದ್ದಳು. ಹದಿನೈದು ದಿನಕ್ಕೆ ಮೆಣಸಿನ ಸಸಿಗಳು ಮಲಗತೊಡಗಿದವು. ಬೆಳಿಗ್ಗೆ ನೆಟ್ಟಗೆ ನಿಂತದ್ದು ಮಧ್ಯಾಹ್ನಕ್ಕೆ ಬುಡ ಮೆತ್ತಗಾಗಿ ಅಡ್ಡ ಬೀಳುವುದು. ಇವತ್ತು ಒಂದು ಟ್ರೇಯ ಮೂಲೆ, ನಾಳೆ ಇಡೀ ಸಾಲು.

ಆಕೆ ನೇರ ಅಕ್ಕನ ಗಂಡನ ಬೆಳೆ ಔಷಧಿ ಅಂಗಡಿಗೆ ಹೋದಳು. ಭಾವ ಬಿದ್ದ ಸಸಿಯನ್ನು ತಿರುಗಿಸಿ ನೋಡಿ, "ಫಂಗಸ್ಸು, ಬೂಜು ರೋಗ ಕಣಮ್ಮ, ಇನ್ನೇನು" ಎಂದು ಕಾರ್ಬೆಂಡಾಜಿಮ್ ಪೊಟ್ಟಣ ಕೊಟ್ಟ. ಹಿಂದೆ ಎಷ್ಟೋ ಸಲ ಅದೇ ಔಷಧಿ ಆಕೆಯ ಸಸಿಗಳನ್ನು ಉಳಿಸಿತ್ತು. ಕಲಸಿ ಬುಡಕ್ಕೆ ಹುಯ್ದಳು. ನಾಲ್ಕು ದಿನ ಬಿಟ್ಟು ಮತ್ತೆ ಹುಯ್ದಳು. ಮೂರನೆಯ ಸಲ ಸ್ವಲ್ಪ ಗಟ್ಟಿಯಾಗಿಯೇ ಕಲಸಿದಳು. ಸಸಿಗಳು ಮೊದಲಿಗಿಂತ ಬೇಗ ಬಿದ್ದವು.

"ನಿಮ್ಮ ಔಷಧಿ ರೋಗಕ್ಕೆ ಗೊಬ್ಬರ ಆದಂಗಿದೆ ಭಾವ!" ಎಂದು ಆಕೆ ಅಂಗಡಿಯ ಮುಂದೆಯೇ ಕೂಗಾಡಿದಳು. ಭಾವ, "ನನಗೆ ಗೊತ್ತಿದ್ದದ್ದು ಇಷ್ಟೇ. ಪೇಟೆಯಲ್ಲಿ ಗಿಡದ ರೋಗ ನೋಡೋ ಕೇಂದ್ರ ಇದೆ. ಬೇರು ಸಮೇತ ತಗೊಂಡು ಹೋಗು" ಎಂದ. ಹಾಗೆ ಹೇಳಲೂ ದೊಡ್ಡ ಮನಸ್ಸು ಬೇಕಿತ್ತು ಎಂಬುದು ಆಕೆಗೆ ಆಮೇಲೆ ಹೊಳೆಯಿತು.

ಕೇಂದ್ರದ ಡಾಕ್ಟರು ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ತೋಳಿನ ತುಂಬ ಶಾಯಿಯ ಕಲೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದ ಆಕೆಗೆ ಅವರು ಮೊದಲು ಕುರ್ಚಿ ಕೊಟ್ಟರು. ಆಮೇಲೆ ಒಂದು ಬೇರನ್ನು ಉಗುರಿನಲ್ಲಿ ಹಿಡಿದು ಮೆಲ್ಲಗೆ ಎಳೆದರು. ಹೊರಗಿನ ಸಿಪ್ಪೆ ಕೊಳೆತ ಕಾಲುಚೀಲದಂತೆ ಕಳಚಿಕೊಂಡಿತು, ಒಳಗಿನ ನಾರು ಮಾತ್ರ ಉಳಿಯಿತು.

"ನೀರು ಎಲ್ಲಿಂದ ಹಾಕ್ತೀರಿ?" ಎಂದು ಕೇಳಿದರು.

ಆಕೆ ಹೊಂಡದ ಕಥೆ ಹೇಳಿದಳು. ಡಾಕ್ಟರು ತಲೆಯಾಡಿಸಿ, "ನನಗೊಂದು ಅನುಮಾನ ಇದೆ, ಖಚಿತ ಇಲ್ಲ. ನಾಡಿದ್ದು ಬನ್ನಿ. ಆ ಹೊಂಡದ್ದು ಒಂದು ಬಾಟಲಿ ನೀರೂ ತನ್ನಿ" ಎಂದರು. 'ಖಚಿತ ಇಲ್ಲ' ಎಂದು ಒಪ್ಪಿಕೊಂಡ ಓದಿದವರನ್ನು ಆಕೆ ಅವತ್ತೇ ಮೊದಲು ಕಂಡದ್ದು.

ನೀರು ಕೊಟ್ಟ ದಿನ ಡಾಕ್ಟರು, ರೋಗದ ಜೀವಿ ಇದ್ದರೆ ಹತ್ತಿಕೊಳ್ಳಲಿ ಎಂದು ಅದರಲ್ಲಿ ಹುಲ್ಲಿನ ಎಸಳಿನ ಚೂರುಗಳನ್ನು ತೇಲಿಬಿಟ್ಟರು. ಎರಡು ದಿನ ಕಳೆದು ಆಕೆ ಮತ್ತೆ ಹೋದಾಗ ಒಂದು ಚೂರನ್ನು ಗಾಜಿನ ಮೇಲಿಟ್ಟು, "ನೋಡಿ" ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮೊದಲು ಆಕೆಗೆ ತನ್ನ ರೆಪ್ಪೆಗೂದಲೇ ಕಂಡಿತು. ಆಮೇಲೆ ಹುಲ್ಲಿನ ಅಂಚಿನಿಂದ ಚಾಚಿದ ಬಿಳಿ ಎಳೆಗಳು, ಎಳೆಯ ತುದಿಯಲ್ಲೊಂದು ಗುಳ್ಳೆ. ಗುಳ್ಳೆಯೊಳಗೆ ಏನೋ ಕುದಿಯುತ್ತಿತ್ತು. ನೋಡುತ್ತಿದ್ದಂತೆ ಅದು ಒಡೆದು, ಕಾಳಿನಂಥವು ಹತ್ತಾರು ಹೊರಬಿದ್ದು, ಓಡತೊಡಗಿದವು.

"ಅಯ್ಯೋ, ಈಜ್ತಾ ಇವೆ!"

"ಹೌದು, ಒಂದೊಂದಕ್ಕೂ ಎರಡೆರಡು ಬಾಲ. ನಿಮ್ಮ ಹೊಂಡದಿಂದ ಟ್ರೇಗೆ, ಟ್ರೇಯಿಂದ ಹೊಂಡಕ್ಕೆ ಈಜಾಡ್ಕೊಂಡು ಇವೆ. ಇದರ ಹೆಸರು ಪಿಥಿಯಂ. ನೋಡೋಕೆ ಫಂಗಸ್ ಥರಾನೇ, ಎಳೆ ಬಿಡುತ್ತೆ, ಬೀಜಕಣ ಬಿಡುತ್ತೆ. ಆದರೆ ಫಂಗಸ್ ಅಲ್ಲ. ಸಮುದ್ರದಲ್ಲಿರೋ ಕಂದು ಪಾಚಿಗೆ ಹತ್ತಿರದ ನೆಂಟ."

"ಹಾಗಾದ್ರೆ ನಮ್ಮ ಭಾವನ ಔಷಧಿ?"

"ಔಷಧಿ ಕೆಟ್ಟದ್ದಲ್ಲ. ಬೀಗ ಬೇರೆ, ಕೀ ಬೇರೆ, ಅಷ್ಟೇ. ಆ ಔಷಧಿ ಹೋಗಿ ಫಂಗಸ್ಸಿನ ಜೀವಕೋಶ ಒಡೆದು ಎರಡಾಗೋದನ್ನ ತಡೆಯುತ್ತೆ. ಇದರಲ್ಲಿ ಅದು ಹಿಡಿದುಕೊಳ್ಳೋ ಜಾಗದ ಆಕಾರವೇ ಬೇರೆ. ಜೀವಕೋಶದ ಗೋಡೆನೂ ಬೇರೆ. ಫಂಗಸ್ಸಿನದ್ದು ಜೀರುಂಡೆ ಚಿಪ್ಪಲ್ಲಿ ಇರೋಂಥ ಕೈಟಿನ್, ಇದರದ್ದು ಹೆಚ್ಚಾಗಿ ಹತ್ತಿಯಲ್ಲಿ ಇರೋಂಥ ಸೆಲ್ಯುಲೋಸ್. ಇನ್ನು ಕೆಲವು ಔಷಧಿ ಫಂಗಸ್ ತನಗೆ ಬೇಕಾದ ಎರ್ಗೋಸ್ಟೆರಾಲ್ ಅನ್ನೋ ಕೊಬ್ಬು ಮಾಡ್ಕೊಳ್ಳೋದನ್ನ ತಡೆಯುತ್ತೆ. ಇದು ಅದನ್ನ ಮಾಡ್ಕೊಳ್ಳೋದೇ ಇಲ್ಲ, ತಡೆಯೋದೇನನ್ನ?"

ಆಕೆ ಬಿಡದೆ, "ಸರಿ, ಕೆಲಸ ಮಾಡ್ಲಿಲ್ಲ. ಆದ್ರೆ ಜಾಸ್ತಿ ಯಾಕಾಯ್ತು?" ಎಂದಳು.

ಡಾಕ್ಟರಿಗೆ ಆ ಪ್ರಶ್ನೆ ಹಿಡಿಸಿತು. "ಬುಡದ ಪುಡಿಯಲ್ಲಿ ಒಳ್ಳೆ ಫಂಗಸ್ಸುಗಳೂ ಇರ್ತಾವೆ, ಇದಕ್ಕೆ ಪೈಪೋಟಿ ಕೊಡ್ತಿರ್ತಾವೆ. ನೀವು ಕಾವಲುಗಾರರನ್ನ ಕೊಂದು ಕಳ್ಳನಿಗೆ ಬಾಗಿಲು ತೆಗೆದಿರಬೇಕು. ಮೇಲಾಗಿ ಪ್ರತಿ ಸಲ ಔಷಧಿ ಜೊತೆ ಬುಡಕ್ಕೆ ನೀರನ್ನೂ ಹುಯ್ದ್ರಿ. ಈಜುಗಾರನಿಗೆ ಅದಕ್ಕಿಂತ ಹಬ್ಬ ಇನ್ನೇನಿದೆ?"

ಆಕೆಗೆ ನಗುವೂ ಬಂತು, ಕಣ್ಣೀರೂ ಬಂತು. ಡಾಕ್ಟರು ಅದನ್ನು ಕಂಡೂ ಕಾಣದಂತೆ ಚೀಟಿ ಬರೆದುಕೊಟ್ಟರು. ಬಿದ್ದ ಸಸಿ ಇರುವ ಟ್ರೇಗಳನ್ನು ಪುಡಿ ಸಮೇತ ಹೊರಗೆ ಹಾಕಬೇಕು, ಏಕೆಂದರೆ ಇದರ ದಪ್ಪ ಗೋಡೆಯ ಬೀಜಕಣ ಮಣ್ಣಲ್ಲಿ ವರ್ಷಗಟ್ಟಲೆ ಮಲಗಿದ್ದು ಎದ್ದೇಳುತ್ತದೆ. ಹೊಂಡದ ನೀರು ಬೇಡ, ಮುಚ್ಚಿದ ಟ್ಯಾಂಕಿನ ಬೋರ್ ನೀರು ಸಾಕು. ಟ್ರೇ ನೆಲದ ಮೇಲಿರಬಾರದು, ಕೆಳಗಿನಿಂದ ನೀರು ಸರಾಗವಾಗಿ ಸೋರಬೇಕು. ಉಳಿದವಕ್ಕೆ ಪಿಥಿಯಂ ಜಾತಿಗೇ ತಟ್ಟುವ ಔಷಧಿ ಮೆಟಲಾಕ್ಸಿಲ್, ಅದೂ ಒಂದೇ ಸಲ. "ಪದೇ ಪದೇ ಹಾಕಿದ್ರೆ ಅದಕ್ಕೂ ಜಗ್ಗದ ತಳಿ ಹುಟ್ಟುತ್ತೆ. ನಿಮ್ಮ ನಿಜವಾದ ಔಷಧಿ ಒಣ ಬುಡ" ಎಂದರು.

ಗಂಡ ಎರಡು ದಿನ ಟೆಂಪೋ ನಿಲ್ಲಿಸಿ, ಟ್ರೇ ಇಡಲು ಕಬ್ಬಿಣದ ಕಾಲುಗಳ ಮೇಲೆ ತಂತಿಜಾಲರಿ ಹೊಡೆದ. ಭಾವ ಅಂಗಡಿ ಮುಚ್ಚಿ ಬಂದು, ಹಳೆ ಟ್ರೇಗಳನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿ ಉಜ್ಜಿದ. ಯಾರೂ ಕರೆದಿರಲಿಲ್ಲ. ಉಳಿದ ಸಸಿಗಳು ನಿಂತವು. ಹೊಸದಾಗಿ ಬಿತ್ತಿದ ಮೆಣಸಿನ ಸಸಿ ತಡವಾದರೂ ಬಂತು. ಮುಂಗಡ ಹೇಳಿದ್ದ ರೈತರು ಕಾದರು. ಒಬ್ಬ ಮುದುಕ ಮಾತ್ರ, "ನಿನ್ನ ಸಸಿಗೆ ಕಾಯೋದು, ಹೆಣ್ಣು ನೋಡೋಕೆ ಕಾದಂಗಾಯ್ತು" ಎಂದು ಗೊಣಗಿ, ಹೋಗುವಾಗ ಎರಡು ಟ್ರೇ ಜಾಸ್ತಿ ಒಯ್ದ.

ಮರುವರ್ಷ ಎಲೆಕೋಸಿನ ಸಸಿಗಳು ಬಿದ್ದವು. ಆಕೆಯ ಕೈ ತಾನಾಗಿ ಮೆಟಲಾಕ್ಸಿಲ್ ಕಡೆ ಹೋಯಿತು. ಅಷ್ಟರಲ್ಲಿ ಬುಡ ನೋಡಿದಳು. ಬೇರು ಗಟ್ಟಿಯಾಗಿಯೇ ಇದೆ, ಸಿಪ್ಪೆ ಕಳಚುತ್ತಿಲ್ಲ. ಕಾಂಡ ಮಣ್ಣಿನ ಮಟ್ಟದಲ್ಲಿ ಕಂದಾಗಿ, ತಂತಿಯಂತೆ ಸಣ್ಣಗಾಗಿದೆ. ಜೇಡರ ಬಲೆಯಂಥ ಎಳೆಗಳು ಪುಡಿಯನ್ನು ಹಿಡಿದುಕೊಂಡಿವೆ. ಇದು ಆ ಈಜುವ ರೋಗವಲ್ಲ ಎನಿಸಿ ಕೇಂದ್ರಕ್ಕೆ ಒಯ್ದು ಹಾಗೆಂದೇ ಹೇಳಿದಳು. ಡಾಕ್ಟರು ನೋಡಿ, "ರೈಜೊಕ್ಟೋನಿಯಾ. ಇದು ನಿಜವಾದ ಫಂಗಸ್ಸೇ. ನಿಮ್ಮ ಕಣ್ಣು ಸರಿಯಾಗಿ ಹೇಳಿದೆ" ಎಂದರು.

ಆಕೆ ಅಲ್ಲಿಂದ ನೇರ ಅಂಗಡಿಗೆ ಹೋಗಿ, ಗಿರಾಕಿಗಳೆಲ್ಲ ಕೇಳುವಂತೆ, "ಭಾವ, ಈ ಸಲ ನಿಮ್ಮ ಕಾರ್ಬೆಂಡಾಜಿಮ್ಮೇ ಬೇಕು. ಅವತ್ತು ನಾನು ಕೂಗಾಡಿದ್ದು ತಪ್ಪು" ಎಂದಳು. ಭಾವ ಪೊಟ್ಟಣ ಕೊಡುತ್ತ, "ನನ್ನದೂ ತಪ್ಪಿತ್ತು ಬಿಡು. ಈಗ ಯಾರೇ ಸಸಿ ತಂದ್ರೂ ಮೊದಲು ಬೇರು ಎಳೆದು ನೋಡ್ತೀನಿ" ಎಂದ.

ಡಾಕ್ಟರಿಗೆ ವರ್ಗವಾದ ದಿನ ಆಕೆ ಹೋದಳು. ಏನು ಒಯ್ಯುವುದೆಂದು ತೋಚದೆ ಬರಿಗೈಯಲ್ಲೇ ಹೋಗಿದ್ದಳು. "ನೀವು ಅವತ್ತು ನನ್ನನ್ನ ದಡ್ಡಿ ಅನ್ನಲಿಲ್ಲ ಡಾಕ್ಟ್ರೇ. ಕೂರಿಸಿ ತೋರಿಸಿದ್ರಿ" ಎಂದಷ್ಟೇ ಹೇಳಲು ಸಾಧ್ಯವಾಯಿತು.

ಡಾಕ್ಟರು ಪುಸ್ತಕ ಕಟ್ಟುತ್ತಿದ್ದವರು ತಲೆ ಎತ್ತಿ, "ಜಾಸ್ತಿ ಯಾಕಾಯ್ತು ಅಂತ ಕೇಳಿದವರು ನೀವೊಬ್ಬರೇ ಕಣ್ರೀ" ಎಂದರು. ಆಮೇಲೆ ಇಬ್ಬರೂ ಸೇರಿ ಉಳಿದ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿದರು.